14 ಗಂಟೆ ಕರೆಂಟ್ ಹೋದರೂ ಫ್ರಿಜ್‌ನಲ್ಲಿ ಏನು ಉಳಿಸಿಕೊಂಡೆ, ಏನು ಚೆಲ್ಲಿದೆ: ನನ್ನ ಅನುಭವ

ಮಂಡ್ಯದಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಕಂಬ ಬಿದ್ದರೆ ಕರೆಂಟ್ ಬರುವುದು ಮಾರನೇ ದಿನವೇ. ಕ್ಯಾರಿಯರ್ ಊಟ ಕೊಡುವ ನಮ್ಮಂಥವರಿಗೆ ಆ ಬೆಳಿಗ್ಗೆ ಫ್ರಿಜ್ ಮುಂದೆ ನಿಂತು ಮಾಡುವ ತೀರ್ಮಾನ ದುಡ್ಡಿನದ್ದೂ ಹೌದು, ಹೆಸರಿನದ್ದೂ ಹೌದು. ಈ ಕೆಲಸದಲ್ಲಿ ಇರುವವರಲ್ಲಿ ಎರಡು ಪಂಗಡ. ಒಂದು ಪಂಗಡ ಎಲ್ಲವನ್ನೂ ಚೆಲ್ಲುತ್ತೆ. ಎರಡು ಬಾಗಿಲ ಫ್ರಿಜ್ ತುಂಬಿದ್ದರೆ ಎರಡೂವರೆ ಸಾವಿರದ ಮಾತು ಅದು. ಇನ್ನೊಂದು ಪಂಗಡ ಮೂಸಿ ನೋಡಿ, ಒಂದು ಕುದಿ ಬರಿಸಿ ಬಡಿಸುತ್ತೆ. ನಾನು ಎರಡನ್ನೂ ಬಿಟ್ಟು ಫ್ರಿಜ್‌ನ ಒಳಗಿನ ಬಿಸಿ ಅಳೆಯುವ ಮೀಟರ್, ಗಡಿಯಾರ, ಐಸ್ ಬಾಟಲಿ ಇಟ್ಟುಕೊಂಡು ಲೆಕ್ಕ ಹಾಕೋಕೆ ಶುರು ಮಾಡಿದಾಗ "ಅಕ್ಕ, ಮೂಗಿಗಿಂತ ನಿಮ್ಮ ಮೀಟರ್ ಜಾಸ್ತಿ ತಿಳ್ಕೊಂಡಿದೆಯಾ?" ಅಂದವರೇ ಹೆಚ್ಚು. ಕಳೆದ ಬೇಸಿಗೆಯಲ್ಲಿ 14 ಗಂಟೆ ಕರೆಂಟ್ ಇಲ್ಲದೆ ಕಳೆದ ಮೇಲೆ ನನಗಾದ ನಷ್ಟ ಆರುನೂರರ ಆಸುಪಾಸು. ಅವತ್ತು ಕೇಳಿದವರೇ ಈಗ ಮೀಟರ್ ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ.

ಮೀಟರ್ ದೊಡ್ಡದೇನಲ್ಲ. ಉದ್ದ ವೈರಿನ ತುದಿಯಲ್ಲಿ ಪ್ರೋಬ್ ಇರುವ, MAX ಮತ್ತು MIN ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್, ನಾನೂರು ರೂಪಾಯಿ ಇರಬಹುದು. ಪ್ರೋಬನ್ನು ಗಾಳಿಯಲ್ಲಿ ನೇತುಹಾಕಿದರೆ ಪ್ರಯೋಜನವಿಲ್ಲ. ಬಾಗಿಲು ಒಂದು ಸಲ ತೆಗೆದರೆ ಸಾಕು, 12 ತೋರಿಸುತ್ತೆ, ಒಳಗಿನ ಸಾರು ಮಾತ್ರ ಇನ್ನೂ 4ರಲ್ಲೇ ಇರುತ್ತೆ. ಬಾಗಿಲ ರ‍್ಯಾಕಿನಲ್ಲಿ ಇಟ್ಟರೆ ಯಾವಾಗಲೂ ಎರಡು ಮೂರು ಡಿಗ್ರಿ ಜಾಸ್ತಿ. ಅರ್ಧ ಲೀಟರ್ ನೀರಿನ ಬಾಟಲಿಯೊಳಗೆ ಪ್ರೋಬ್ ಇಳಿಸಿ, ಬಾಟಲಿಯನ್ನು ನಡುವಿನ ತಟ್ಟೆಯಲ್ಲಿ ಹಿಂದಕ್ಕೆ ಇಡಬೇಕು. ಆಗ ಅದು ಆಹಾರದ ಬಿಸಿಯನ್ನು ಹೇಳುತ್ತೆ, ಗಾಳಿಯದ್ದಲ್ಲ. ತೆಳು ವೈರನ್ನು ಬಾಗಿಲ ರಬ್ಬರಿನ ಕೆಳಗಿಂದ ಹೊರಗೆ ತಂದು ಮೀಟರನ್ನು ಗೋಡೆಗೆ ಅಂಟಿಸಿದರೆ ಬಾಗಿಲು ತೆಗೆಯದೇ ಓದಬಹುದು. ಇಡೀ ಪದ್ಧತಿ ನಿಂತಿರುವುದೇ ಇದರ ಮೇಲೆ. ಹೊಸ ಮೀಟರನ್ನು ಮೊದಲು ಪುಡಿ ಐಸು, ಸ್ವಲ್ಪ ನೀರು ಬೆರೆಸಿದ ಲೋಟದಲ್ಲಿ ಮುಳುಗಿಸಿ ನೋಡಿ, ಸೊನ್ನೆ ತೋರಿಸಬೇಕು. ನನ್ನ ಒಂದು ಮೀಟರ್ 2 ತೋರಿಸುತ್ತಿತ್ತು, ಅಷ್ಟನ್ನು ಕಳೆದೇ ಓದುತ್ತೇನೆ.

ಫ್ರೀಜರಿಗೆ ಬೇರೆ ಸಾಕ್ಷಿ ಬೇಕು. ಒಂದು ಬಟ್ಟಲಲ್ಲಿ ನೀರು ಗಟ್ಟಿ ಮಾಡಿ ಮೇಲೆ ಐದು ರೂಪಾಯಿ ನಾಣ್ಯ ಇಡುವುದು ನಿಮಗೆಲ್ಲ ಗೊತ್ತು. ನಾಣ್ಯ ತಳ ಸೇರಿದ್ದರೆ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಊರಿಗೆ ಹೋಗಿ ಬಂದಾಗ ಈ ನಾಣ್ಯ ಬಿಟ್ಟರೆ ಬೇರೆ ಸಾಕ್ಷಿಯೇ ಇರಲ್ಲ. ಆದರೆ ಅದು ಹೇಳುವುದು ಫ್ರೀಜರಿನ ಸುದ್ದಿಯನ್ನು ಮಾತ್ರ. ಮೇಲೆ ನಾಣ್ಯ ಅಲ್ಲಾಡದೇ ಕೂತಿರುವಾಗಲೇ ಕೆಳಗಿನ ತಟ್ಟೆಯ ಸಾರು 10 ಡಿಗ್ರಿ ದಾಟಿರಬಹುದು.

ಇದಕ್ಕೆ ಕಾರಣ ಇದೆ. ಹಳೇ ಒಂದೇ ಬಾಗಿಲ ಫ್ರಿಜ್‌ನಲ್ಲಿ ಫ್ರೀಜರಿನ ತಣ್ಣನೆ ಗಾಳಿ ತಾನಾಗೇ ಕೆಳಗಿಳಿಯುತ್ತೆ. ಫ್ರಾಸ್ಟ್ ಫ್ರೀ ಎರಡು ಬಾಗಿಲಿನದ್ದರಲ್ಲಿ ಅದನ್ನು ಕೆಳಗೆ ತಳ್ಳುವುದು ಫ್ಯಾನು. ಕರೆಂಟ್ ಹೋದ ಕ್ಷಣ ಫ್ಯಾನ್ ನಿಲ್ಲುತ್ತೆ. ಮೇಲೆ ಎಷ್ಟು ಐಸ್ ಇದ್ದರೂ ಕೆಳಗಿನ ಕೋಣೆಗೆ ಸಿಗಲ್ಲ. ಆದ್ದರಿಂದ ಐಸನ್ನು ನಾವೇ ಕೆಳಗೆ ಇಳಿಸಬೇಕು. ಒಂದು ಲೀಟರ್ ಬಾಟಲಿಗಳಲ್ಲಿ ಮುಕ್ಕಾಲಿಗಿಂತ ಸ್ವಲ್ಪ ಮೇಲೆ ನೀರು ತುಂಬಿ (ಪೂರ್ತಿ ತುಂಬಿದರೆ ಸೀಳುತ್ತೆ) ಬೇಸಿಗೆ ಪೂರ್ತಿ ಆರು ಬಾಟಲಿ ಫ್ರೀಜರಿನಲ್ಲಿ ಇಟ್ಟಿರುತ್ತೇನೆ. ಒಂದು ಬಾಟಲಿ ಕರಗುವಾಗ ಎಳೆದುಕೊಳ್ಳುವ ಬಿಸಿ, ಬಾಗಿಲು ಮುಚ್ಚಿದ ಫ್ರಿಜ್‌ಗೆ ಹೊರಗಿಂದ ನುಗ್ಗುವ ಎರಡು ಗಂಟೆಯ ಬಿಸಿಗೆ ಹೆಚ್ಚುಕಡಿಮೆ ಸಮ.

ಉಪ್ಪು ನೀರಿನ ಬಾಟಲಿ ಇನ್ನೂ ತಣ್ಣಗಿರುತ್ತೆ ಅಂತ ಹೇಳುವವರಿದ್ದಾರೆ, ಅದನ್ನೂ ಮಾಡಿ ನೋಡಿದೆ. ಲೀಟರಿಗೆ ನೂರು ಗ್ರಾಂ ಕಲ್ಲುಪ್ಪು ಹಾಕಿದರೆ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಕರಗುತ್ತೆ, ಫ್ರೀಜರಿನ ಕೋಳಿಗೆ ಒಳ್ಳೆಯದೇ. ಕೆಳಗಿನ ಕೋಣೆಗೆ ಇಳಿಸಿದರೆ ಮಾತ್ರ ಪಕ್ಕದ ಕೊತ್ತಂಬರಿ, ಸೌತೆಕಾಯಿ ಹೆಪ್ಪುಗಟ್ಟಿ ನೀರಾಗುತ್ತೆ. ಫ್ರಿಜ್ ಮೇಲೆ ಕಂಬಳಿ ಹೊದಿಸುವ ಪ್ರಯೋಗದಿಂದ ಒಂದು ಗಂಟೆಯೂ ಉಳಿಯಲಿಲ್ಲ, ಕರೆಂಟ್ ಬಂದಾಗ ತೆಗೆಯೋದು ಮರೆತರೆ ಪಕ್ಕದ ತಗಡು ಬಿಸಿ ಬಿಡಲಾಗದೆ ಕಂಪ್ರೆಸರಿಗೆ ಪೆಟ್ಟು. ನಿಜವಾಗಿ ಕೈ ಹಿಡಿದದ್ದು ಭತ್ತದ ಹೊಟ್ಟು. ನಮ್ಮ ಕಡೆ ಮಿಲ್ಲಿನಲ್ಲಿ ಚೀಲಗಟ್ಟಲೆ ಸಿಗುತ್ತೆ. ದೊಡ್ಡ ಗೋಣಿಚೀಲದಲ್ಲಿ ಹೊಟ್ಟು ಹರಡಿ, ಮಧ್ಯೆ ಥರ್ಮಾಕೋಲ್ ಡಬ್ಬಿ ಇಟ್ಟು, ಸುತ್ತ ಮೇಲೆ ಒಂದು ಗೇಣು ಹೊಟ್ಟು ತುಂಬಿಸಿದರೆ ಒಳಗಿನ ಐಸು ಮಾರನೇ ಸಂಜೆವರೆಗೂ ಪೂರ್ತಿ ಕರಗಲ್ಲ. ಹೊಟ್ಟು ಒಣಗಿರಬೇಕು, ನೆಂದರೆ ಏನೂ ಕೆಲಸ ಮಾಡಲ್ಲ. ಡಬ್ಬಿಯೊಳಗೆ ಬಾಟಲಿಗಳನ್ನು ಜೋಡಿಸುವ ಒಂದು ಕ್ರಮ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಈಗ ಆ 14 ಗಂಟೆಯ ಲೆಕ್ಕ. ಸಂಜೆ ಆರೂವರೆಗೆ ಕರೆಂಟ್ ಹೋಯ್ತು, ಮೀಟರಿನಲ್ಲಿ 4. ಹೊತ್ತನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಅರ್ಧ ಗಂಟೆಯಲ್ಲಿ ವಿಚಾರಿಸಿದಾಗ ಬೆಳಿಗ್ಗೆವರೆಗೆ ಬರಲ್ಲ ಅಂತ ಗೊತ್ತಾಯ್ತು. ಏಳಕ್ಕೆ ಒಂದೇ ಸಲ ಬಾಗಿಲು ತೆಗೆದು ಎರಡು ಬಾಟಲಿಯನ್ನು ಕೆಳಗಿನ ಕೋಣೆಯ ಮೇಲಿನ ತಟ್ಟೆಗೆ ಇಳಿಸಿದೆ. ರಾತ್ರಿ ಹತ್ತೂವರೆಗೆ ಮೀಟರ್ ನಾಲ್ಕೂವರೆ ದಾಟಿತ್ತು. ಮುಖ್ಯ ತೀರ್ಮಾನ ಆಗಬೇಕಾದದ್ದು ಆಗಲೇ. 5 ದಾಟಿದ ಮೇಲೆ ಬೇಯಿಸಿದ್ದು, ಹಾಲು, ಪನೀರ್, ಮಾಂಸಕ್ಕೆ ನಾನು ಕೊಡುವುದು ಎರಡೇ ಗಂಟೆ. ಬೆಳಿಗ್ಗೆ ಎದ್ದು ಯೋಚಿಸಿದರೆ ಉಳಿಸಿಕೊಳ್ಳೋಕೆ ಏನೂ ಇರಲ್ಲ. ಬೆಲೆ ಜಾಸ್ತಿ, ಜಾಗ ಕಮ್ಮಿ ಇರುವುದನ್ನು ಮೊದಲು ಆರಿಸಿದೆ: ನಾಲ್ಕು ಲೀಟರ್ ಹಾಲಿನ ಪ್ಯಾಕೆಟ್, ಅರ್ಧ ಕೆಜಿ ಪನೀರ್, ತುರಿದ ಕಾಯಿ. ಮೂರು ಬಾಟಲಿ ಜೊತೆ ಇವನ್ನು ಡಬ್ಬಿಗೆ ಹಾಕಿ ಹೊಟ್ಟಿನ ಚೀಲಕ್ಕೆ ಸೇರಿಸಿದೆ. ಮೂರು ಲೀಟರ್ ಹುಳಿ, ಅನ್ನ, ಕಾಯಿಚಟ್ನಿ ಡಬ್ಬಿಗೆ ಹಿಡಿಯಲ್ಲ, ಅವು ಹೋದರೆ ಹೋಗಲಿ ಅಂತ ಬಿಟ್ಟೆ.

ಬೆಳಿಗ್ಗೆ ಎಂಟೂವರೆಗೆ ಕರೆಂಟ್ ಬಂದಾಗ ಫ್ರಿಜ್‌ನ MAX 9. ಐದನ್ನು ದಾಟಿದ್ದು ಹನ್ನೊಂದೂವರೆ ಸುಮಾರಿಗೆ, ಅಂದರೆ ಒಂಬತ್ತು ಗಂಟೆ ಕೈಮೀರಿದೆ. ಹುಳಿಯ ವಾಸನೆ ಚೆನ್ನಾಗೇ ಇತ್ತು, ರುಚಿಯೂ ಕೆಟ್ಟಿರಲಾರದು. ಆದರೂ ಚೆಲ್ಲಿದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್, ಕೈಯಿಂದ ಸೇರುವ ಸ್ಟ್ಯಾಫಿಲೊಕಾಕಸ್, ಎರಡೂ ಬಿಟ್ಟ ವಿಷ ಕುದಿಸಿದರೆ ಹೋಗಲ್ಲ. ಕ್ರಿಮಿ ಸಾಯುತ್ತೆ, ವಿಷ ಹಾಗೇ ಇರುತ್ತೆ, ಮೂಗಿಗೂ ಸಿಗಲ್ಲ. ಬಸ್ಸಾರನ್ನು ಎರಡು ದಿನ ಕುದಿಸಿ ಕುದಿಸಿ ಉಣ್ಣೋದಿಲ್ವಾ ಅಂತ ಹಿರಿಯರು ಕೇಳ್ತಾರೆ. ಆ ಸಾರು ಹೊತ್ತು ಹೊತ್ತಿಗೆ ಕುದಿ ಕಂಡಿರುತ್ತೆ, ಮಧ್ಯೆ ಎಂಜಲು ಸೌಟು ಬಿದ್ದಿರಲ್ಲ. ರಾತ್ರಿಯಿಡೀ ಕುದಿ ಕಾಣದೆ ಬೆಚ್ಚಗಾದ ಹುಳಿಗೆ ಆ ಮಾತು ಹೊಂದಲ್ಲ. ನಾಲ್ಕು ಮನೆಗೆ ಕಳಿಸುವ ಊಟಕ್ಕಂತೂ ಎರಡನ್ನೂ ಬಳಸಲ್ಲ. ಚಟ್ನಿ, ನೆನೆಸಿದ ಕಡಲೆಕಾಳು, ಹೆಚ್ಚಿದ ಪಪ್ಪಾಯ, ಎಣ್ಣೆಯಲ್ಲಿ ಅರೆದ ಬೆಳ್ಳುಳ್ಳಿ ಪೇಸ್ಟೂ ಚೆಲ್ಲಿದೆ. ಎಣ್ಣೆಯೊಳಗೆ ಮುಳುಗಿದ ಬೆಳ್ಳುಳ್ಳಿಗೆ ಗಾಳಿ ಸಿಗಲ್ಲ, ಬಾಟ್ಯುಲಿಸಂ ಕ್ರಿಮಿಗೆ ಬೇಕಾದ್ದೇ ಅದು.

ಹುಳಿ, ಉಪ್ಪು ಕಾಯುವ ಪದಾರ್ಥಕ್ಕೆ ಏನೂ ಆಗಲ್ಲ. ಮೊಸರು, ಬೆಣ್ಣೆ, ತುಪ್ಪ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಹೆಚ್ಚದ ತರಕಾರಿ ಎಲ್ಲಾ ಉಳಿದವು. ದೋಸೆ ಹಿಟ್ಟು ಉಕ್ಕಿ ಹುಳಿ ಜಾಸ್ತಿಯಾಗಿತ್ತು, ಸ್ವಲ್ಪ ಹೊಸ ಅಕ್ಕಿಹಿಟ್ಟು ಬೆರೆಸಿ ಅವತ್ತೇ ಖರ್ಚು ಮಾಡಿದೆ. ಹಿಟ್ಟಿನ ಮೇಲೆ ಗುಲಾಬಿ ಅಥವಾ ಕಪ್ಪು ಚುಕ್ಕೆ ಕಂಡರೆ ಮೇಲಿನದನ್ನು ಕೆರೆದು ತೆಗೆಯೋದಲ್ಲ, ಪಾತ್ರೆ ಪೂರ್ತಿ ಚೆಲ್ಲಬೇಕು. ಮೊಟ್ಟೆ ಅಂಗಡಿಯಲ್ಲೇ ಹೊರಗಿಟ್ಟು ಮಾರುವಂಥದ್ದು, ಬಿರುಕಿಲ್ಲದ್ದನ್ನು ಬೆವರು ಒರೆಸಿ ಎರಡು ದಿನದೊಳಗೆ ಪೂರ್ತಿ ಬೇಯಿಸಿ ಬಳಸಿದೆ.

ಹೊಟ್ಟಿನ ಡಬ್ಬಿಯಲ್ಲಿ ಬೆಳಿಗ್ಗೆ 4 ಇತ್ತು, ಬಾಟಲಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐಸು. ಹಾಲು ಕಾಯಿಸಿದಾಗ ಒಡೆಯಲಿಲ್ಲ. ಹಾಲು ಒಡೆಯದಿದ್ದರೆ ಸಾಕು ಅಂತ ನಂಬುವವರಿಗೆ ಒಂದು ಮಾತು: ಒಡೆಯುವುದು ಹುಳಿ ಏರಿದಾಗ ಮಾತ್ರ, ಹುಳಿ ಮಾಡದ ಕ್ರಿಮಿಗಳೂ ಇವೆ. ನಾನು ಮೊದಲು ನಂಬುವುದು ಡಬ್ಬಿಯ ಮೀಟರನ್ನು, ಕುದಿ ಆಮೇಲೆ. ಹಾಗೇ, ಫ್ರಿಜ್‌ನಲ್ಲೇ ಉಳಿದು ಒಡೆದ ಹಾಲಿನಿಂದ ಪನೀರ್ ಮಾಡುವ ಉಳಿತಾಯ ನನಗೆ ಬೇಡ.

ಫ್ರೀಜರಿನಲ್ಲಿ ನಾಣ್ಯ ಕಾಲು ಭಾಗ ಇಳಿದಿತ್ತು. ಮೂರು ಕೆಜಿ ಕೋಳಿಯ ಅಂಚು ಮೆತ್ತಗಾಗಿ, ಬೆರಳಲ್ಲಿ ಒತ್ತಿದರೆ ಒಳಗೆ ಐಸಿನ ಹರಳು ಕರಕರ ಅನ್ನುತ್ತಿತ್ತು. ಹರಳು ಇದ್ದರೆ ಮತ್ತೆ ಫ್ರೀಜ್ ಮಾಡಬಹುದು, ಆದರೆ ನೀರು ಬಿಟ್ಟು ಮಾಂಸ ನಾರಾಗುತ್ತೆ. ಅವತ್ತೇ ಸಾರು ಮಾಡಿದರೆ ದುಡ್ಡೂ ಬಂತು, ರುಚಿಯೂ ಉಳಿಯಿತು. ಕೋಳಿ ಕವರಿನ ಕೆಳಗೆ ತಟ್ಟೆ ಇಲ್ಲದಿದ್ದರೆ ಆ ರಕ್ತದ ನೀರು ಪಕ್ಕದ ಪೊಟ್ಟಣಗಳಿಗೆ ಹರಿದು, ಬೇಯಿಸದೇ ತಿನ್ನುವ ಯಾವುದಕ್ಕೆ ತಾಗಿದರೂ ಅದು ಚೆಲ್ಲುವುದೇ. ಹಾಗಾದಾಗ ಸೋಪು ನೀರಲ್ಲಿ ತೊಳೆದು, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಸನೆ ಬೆರೆಸದ ಬ್ಲೀಚ್ ಹಾಕಿ ಒರೆಸಿ, ಒಣಗಲು ಬಿಡಬೇಕು.

ಕರೆಂಟ್ ಬಂದ ತಕ್ಷಣ ಸ್ವಿಚ್ ಹಾಕಬೇಡಿ, ವೋಲ್ಟೇಜ್ ನಿಲ್ಲುವವರೆಗೆ ಐದು ನಿಮಿಷ ಬಿಡಿ. ಬಿಸಿ ಪದಾರ್ಥ ಒಳಗಿಡಬೇಡಿ. ಮೀಟರ್ ಮತ್ತೆ 5ಕ್ಕೆ ಇಳಿಯೋಕೆ ನಾಲ್ಕು ಗಂಟೆಯಾದರೂ ಹಿಡಿಯುತ್ತೆ, ಅಲ್ಲಿವರೆಗೆ ಡಬ್ಬಿಯಲ್ಲಿ ಇರುವುದು ಡಬ್ಬಿಯಲ್ಲೇ ಇರಲಿ. ಇಳಿದ ಮೇಲೆ MAX ಅಳಿಸಿ, ಬಾಟಲಿಗಳನ್ನು ಮತ್ತೆ ಫ್ರೀಜರಿಗೆ ಮಲಗಿಸಿ. ಆರೂ ಗಟ್ಟಿಯಾಗೋಕೆ ಒಂದು ರಾತ್ರಿ ಸಾಲದು, ಎರಡು ದಿನ ಬೇಕು.