ನಿಮ್ಮದೇ ಕಂಪನಿಯ ಷೇರು ಮಾರುವ ಮುನ್ನ

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನೀವು ಮ್ಯಾನೇಜರ್ ಎಂದುಕೊಳ್ಳಿ. ನೌಕರರಿಗೆ ಕಂಪನಿಯ ಷೇರು ಕೊಡುವ ಯೋಜನೆಯಾದ ಇಸಾಪ್ ಮೂಲಕ ಬಂದ 500 ಷೇರುಗಳು ಡಿಮ್ಯಾಟ್ ಖಾತೆಯಲ್ಲಿವೆ. ಮನೆಯ ಮುಂಗಡಕ್ಕೆ ಜುಲೈನಲ್ಲಿ ಹಣ ಬೇಕು. ಷೇರು ನಿಮ್ಮದೇ, ಆದರೆ ಯಾವಾಗ ಮಾರಬಹುದು ಎಂಬುದಕ್ಕೆ, ಒಳಮಾಹಿತಿ ಬಳಸಿ ವಹಿವಾಟು ನಡೆಸುವುದನ್ನು ತಡೆಯಲು ಷೇರುಪೇಟೆ ನಿಯಂತ್ರಕ ಸೆಬಿ ಮಾಡಿದ 2015ರ ನಿಯಮಗಳ ಕಟ್ಟಿದೆ.

ಮೊದಲು, ಒಳಮಾಹಿತಿ ಸಿಗಬಹುದಾದವರೆಂದು ಕಂಪನಿ ಗುರುತಿಸಿದ ‘ನಿಯೋಜಿತ ವ್ಯಕ್ತಿ’ಗಳ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು, ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ಅಧಿಕಾರಿಯನ್ನು ಕೇಳಿ. ಲೆಕ್ಕಪತ್ರ ವಿಭಾಗದವರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ನಿಮ್ಮ ಪತಿ ಅಥವಾ ಪತ್ನಿಯ ಖಾತೆಗೂ ಇದೇ ಕಟ್ಟು. ನಿಮ್ಮನ್ನು ಅವಲಂಬಿಸಿರುವ, ಇಲ್ಲವೇ ಷೇರು ವಹಿವಾಟಿಗೆ ನಿಮ್ಮ ಸಲಹೆ ಕೇಳುವ ತಂದೆತಾಯಿ, ಒಡಹುಟ್ಟಿದವರು, ಮಕ್ಕಳೂ ಇದರೊಳಗೆ ಬರುತ್ತಾರೆ.

ಎರಡನೆಯದು ಟ್ರೇಡಿಂಗ್ ವಿಂಡೋ, ಅಂದರೆ ಪಟ್ಟಿಯಲ್ಲಿರುವವರು ಕಂಪನಿಯ ಷೇರು ಕೊಳ್ಳಲು, ಮಾರಲು ಅವಕಾಶವಿರುವ ಅವಧಿ. ಜೂನ್ 30ಕ್ಕೆ ತ್ರೈಮಾಸಿಕ ಮುಗಿಯುತ್ತಲೇ ಅದು ಮುಚ್ಚುತ್ತದೆ. ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆದ ಮೇಲೆ ತೆರೆಯುತ್ತದೆ. ಜನ ಎಡವುವುದು ಈ ಎಣಿಕೆಯಲ್ಲೇ. ಗುರುವಾರ ಸಂಜೆ 4.30ಕ್ಕೆ ಫಲಿತಾಂಶ ಬಂದರೆ ಶುಕ್ರವಾರ ಮಾರುವಂತಿಲ್ಲ. ಗಡುವು ಮುಗಿಯುವುದು ಶನಿವಾರ ಸಂಜೆ 4.30ಕ್ಕೆ, ಆದ್ದರಿಂದ ನಿಮಗೆ ಸಿಗುವ ಮೊದಲ ದಿನ ಸೋಮವಾರ. ವಿಂಡೋ ಮುಚ್ಚಿದ್ದಾಗಲೂ ಇಸಾಪ್ ಹಕ್ಕು ಚಲಾಯಿಸಿ ಷೇರು ಪಡೆಯಬಹುದು. ಅದನ್ನು ಮಾರಲು ಮಾತ್ರ ಕಾಯಬೇಕು.

ಮೂರನೆಯ ಹೆಜ್ಜೆಯನ್ನೇ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬಯಸುತ್ತೇನೆ. ವಿಂಡೋ ತೆರೆದಿದೆ ಎಂದ ಮಾತ್ರಕ್ಕೆ ನೀವು ಸ್ವತಂತ್ರರಲ್ಲ. ನಿಮ್ಮ ಕಂಪನಿ ಇನ್ನೊಂದನ್ನು ಕೊಳ್ಳಲು ಹೊರಟಿದೆ, ಅದರ ಲೆಕ್ಕ ಪರಿಶೀಲಿಸುವ ಕಡತ ನಿಮ್ಮ ಮೇಜಿನ ಮೇಲಿದೆ ಎಂದುಕೊಳ್ಳಿ. ಜನರಿಗೆ ಗೊತ್ತಿಲ್ಲದ, ಗೊತ್ತಾದರೆ ಬೆಲೆಯನ್ನು ಗಣನೀಯವಾಗಿ ಅಲುಗಿಸಬಲ್ಲ ಇಂಥ ಮಾಹಿತಿಯೇ ‘ಅಪ್ರಕಟಿತ ಬೆಲೆಸೂಕ್ಷ್ಮ ಮಾಹಿತಿ’. ಅದು ಕೈಯಲ್ಲಿರುವವರೆಗೆ ನೀವು ಮಾರುವಂತಿಲ್ಲ. ಪತ್ರಿಕೆಯಲ್ಲಿ ದೃಢಪಡದ ಸುದ್ದಿ ಬಂದಿದ್ದರೂ ಮಾಹಿತಿ ಬಹಿರಂಗವಾದಂತಲ್ಲ. ಊಟದ ಹೊತ್ತಿನಲ್ಲಿ ಭಾವಮೈದುನನಿಗೆ ಹೇಳಿದರೆ, ನೀವು ಒಂದು ಷೇರನ್ನೂ ಮುಟ್ಟದಿದ್ದರೂ ತಪ್ಪು ನಿಮ್ಮದೇ. ದಂಡ ಕನಿಷ್ಠ 10 ಲಕ್ಷ ರೂಪಾಯಿ. ಅದು 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಇವುಗಳಲ್ಲಿ ಹೆಚ್ಚಿನದರವರೆಗೆ ಏರಬಹುದು.

ಅಂಥ ಮಾಹಿತಿ ಇಲ್ಲದಿದ್ದರೆ, ಹಾಗೆಂದು ಬರೆದುಕೊಟ್ಟು ಪೂರ್ವಾನುಮತಿ ಕೇಳಿ. ಎಷ್ಟು ಮೊತ್ತ ದಾಟಿದರೆ ಅನುಮತಿ ಬೇಕು ಎಂಬುದನ್ನು ಕಂಪನಿಯ ಆಡಳಿತ ಮಂಡಳಿ ನಿಗದಿ ಮಾಡಿರುತ್ತದೆ. ಸಿಕ್ಕ ಅನುಮತಿಯ ಆಯಸ್ಸು ಹೆಚ್ಚೆಂದರೆ ಏಳು ವಹಿವಾಟು ದಿನ. ಅಷ್ಟರಲ್ಲಿ ಮಾರದಿದ್ದರೆ ಮತ್ತೆ ಅರ್ಜಿ ಹಾಕಬೇಕು.

ಮಾರಿದ ಬಳಿಕ ಬೆಲೆ ಕುಸಿದು, ಮತ್ತೆ ಕೊಳ್ಳಬೇಕೆಂಬ ಆಸೆ ಹುಟ್ಟಬಹುದು. ಆರು ತಿಂಗಳು ಪೇಟೆಯಲ್ಲಿ ಅದೇ ಷೇರನ್ನು ಕೊಳ್ಳಬೇಡಿ. ಗೊತ್ತಿಲ್ಲದೆ ಕೊಂಡರೂ ಆ ವಹಿವಾಟಿನ ಲಾಭ ಸೆಬಿಯ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಇಸಾಪ್‌ನಡಿ ಹೊಸ ಷೇರು ಪಡೆಯಲು ಈ ತಡೆಯಿಲ್ಲ.