ರಾಯಲ್ಟಿ ಫ್ರೀ ಸಂಗೀತ ಹಾಕಿದರೂ ಕ್ಲೇಮ್ ಬಂತೇ? ಮೊದಲು ರಸೀದಿ ಹುಡುಕಿ

ನಮ್ಮ ಬೀದಿಯ ಹುಡುಗನೊಬ್ಬ ತನ್ನ ಊರಿನ ಜಾತ್ರೆಯ ಮೇಲೆ ಏಳು ನಿಮಿಷದ ವಿಡಿಯೊ ಮಾಡಿ ಯೂಟ್ಯೂಬಿಗೆ ಏರಿಸಿದ. ಸ್ವಲ್ಪ ಹೊತ್ತಿಗೇ ಎರಡು ಕಾಪಿರೈಟ್ ಕ್ಲೇಮ್ ಬಂದವು. ಒಂದು ಅವನು ದುಡ್ಡು ಕೊಟ್ಟು ಕೊಂಡ ಕೊಳಲಿನ ಟ್ರ್ಯಾಕಿಗೆ, ಇನ್ನೊಂದು ಅವನು ಹಾಕಿಯೇ ಇರದ ಸಿನಿಮಾ ಹಾಡಿಗೆ. ಗಾಬರಿಯಲ್ಲಿ ಎರಡಕ್ಕೂ ತಕರಾರು ಸಲ್ಲಿಸಲು ಹೊರಟಿದ್ದವನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಹೆಸರಿಗೆ ಮೋಸ ಹೋಗಬೇಡಿ

ರಾಯಲ್ಟಿ ಫ್ರೀ ಎಂದರೆ ಪುಕ್ಕಟೆ ಎಂದಲ್ಲ, ಹಕ್ಕು ಯಾರದ್ದೂ ಅಲ್ಲ ಎಂದೂ ಅಲ್ಲ. ಒಮ್ಮೆ ಹಣ ಕಟ್ಟಿದರೆ, ಕೆಲವೆಡೆ ಕಟ್ಟದೆಯೂ, ಪ್ರತಿ ಬಳಕೆಗೂ ಮತ್ತೆ ಮತ್ತೆ ರಾಯಲ್ಟಿ ಕೊಡಬೇಕಿಲ್ಲ ಎಂದಷ್ಟೇ ಅದರ ಅರ್ಥ. ಹಕ್ಕು ಸಂಗೀತ ಮಾಡಿದವರ ಅಥವಾ ಮಾರುವವರ ಬಳಿಯೇ ಇರುತ್ತದೆ. ನಿಮಗೆ ಸಿಕ್ಕಿರುವುದು ಷರತ್ತುಗಳುಳ್ಳ ಪರವಾನಗಿ. ಆ ಷರತ್ತುಗಳನ್ನು ಓದದೆ ಡೌನ್‌ಲೋಡ್ ಒತ್ತುವವರೇ ಹೆಚ್ಚು.

ಓದುವಾಗ ಎರಡು ವಿಷಯ ನೋಡಿದರೆ ಸಾಕು. ಪರವಾನಗಿ ನಿಮ್ಮ ಸ್ವಂತ ಚಾನೆಲ್‌ಗೆ ಮಾತ್ರವೋ, ಗಿರಾಕಿಗೆ ಮಾಡಿಕೊಡುವ ಮದುವೆ ವಿಡಿಯೊ, ಅಂಗಡಿ ಜಾಹೀರಾತುಗಳಿಗೂ ನಡೆಯುತ್ತದೆಯೋ? ಅಗ್ಗದ ಚಂದಾ ಯೋಜನೆಗಳಲ್ಲಿ ಹೆಚ್ಚಾಗಿ ಗಿರಾಕಿ ಕೆಲಸ ಸೇರಿರುವುದಿಲ್ಲ. ಎರಡನೆಯದು, ಚಂದಾ ನಿಲ್ಲಿಸಿದ ಮೇಲೆ ಏನು? ಸಾಮಾನ್ಯವಾಗಿ ಚಂದಾ ಇದ್ದಾಗ ಪ್ರಕಟಿಸಿದ ವಿಡಿಯೊಗಳಿಗೆ ತೊಂದರೆಯಿಲ್ಲ. ಆದರೆ ಹಳೆಯ ಟ್ರ್ಯಾಕ್ ಹಾರ್ಡ್ ಡಿಸ್ಕಿನಲ್ಲಿದೆ ಎಂದು ಆಮೇಲೆ ಹೊಸ ವಿಡಿಯೊಗೆ ಹಾಕುವಂತಿಲ್ಲ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಾದರೆ ಅಕ್ಷರಗಳನ್ನು ನೋಡಿ. BY ಇದ್ದರೆ ವಿವರಣೆಯಲ್ಲಿ ಹೆಸರು ಹಾಕಬೇಕು. NC ಇದ್ದರೆ ಗಳಿಕೆಯ ವಿಡಿಯೊಗೆ ಬೇಡ. ND ಇದ್ದರೆ ಮುಟ್ಟಲೇಬೇಡಿ. ದೃಶ್ಯಕ್ಕೆ ಸಂಗೀತ ಕೂಡಿಸುವುದೇ ಆ ಪರವಾನಗಿಯ ಪ್ರಕಾರ ಮಾರ್ಪಾಡು.

ದಾಸರ ಪದಗಳಿಗೆ ಹಕ್ಕಿಲ್ಲವಲ್ಲ ಎಂದು ಕೇಳುವವರು ಪ್ರತಿ ಸಲವೂ ಸಿಗುತ್ತಾರೆ. ಪುರಂದರದಾಸರ ಸಾಹಿತ್ಯ ಎಲ್ಲರದ್ದು, ನಿಜ. ಆದರೆ ಅದನ್ನು ಹಾಡಿ ಮುದ್ರಿಸಿದ ಧ್ವನಿಮುದ್ರಿಕೆಗೆ ಬೇರೆಯೇ ಹಕ್ಕಿದೆ. ನಮ್ಮ 1957ರ ಕಾಯ್ದೆಯಂತೆ ಅದು ಪ್ರಕಟವಾದ ನಂತರ 60 ವರ್ಷ ನಡೆಯುತ್ತದೆ. ನಿಮ್ಮ ಅತ್ತಿಗೆ ಹಾಡಿದ್ದನ್ನು ನೀವೇ ಮುದ್ರಿಸಿ, ಅತ್ತಿಗೆ ಒಪ್ಪಿದರೆ, ಧೈರ್ಯವಾಗಿ ಹಾಕಿ. ಕ್ಯಾಸೆಟ್ ಕಂಪನಿಯದ್ದು ಬೇಡ.

ಎರಡನೆಯ ಹೆಜ್ಜೆ: ದೃಶ್ಯದ ತುಣುಕುಗಳು

ಸ್ಟಾಕ್ ಫೂಟೇಜ್ ಕೊಳ್ಳುವಾಗ Editorial ಎಂಬ ಗುರುತಿದೆಯೇ ನೋಡಿ. ಇದ್ದರೆ ಸುದ್ದಿ, ವಿವರಣೆಗೆ ಸರಿ, ಜಾಹೀರಾತಿಗೆ ಅಲ್ಲ. ನಮ್ಮ ಹುಡುಗನ ವಿಡಿಯೊಗೆ ಊರಿನ ಸಿಹಿ ಅಂಗಡಿಯವರು ಪ್ರಾಯೋಜಕರಾಗಲು ಬಂದಿದ್ದರು. ಅದರಲ್ಲಿದ್ದ ಕೊಂಡ ಡ್ರೋನ್ ತುಣುಕಿಗೆ ಈ ಗುರುತಿತ್ತು, ತೆಗೆಸಿದೆ.

ಮೂರನೆಯ ಹೆಜ್ಜೆ: ಕಾಗದ ಜೋಡಿಸಿಡಿ

ಟ್ರ್ಯಾಕ್ ಇಳಿಸಿಕೊಂಡ ದಿನವೇ ಅದೇ ಫೋಲ್ಡರಿನಲ್ಲಿ ಪರವಾನಗಿ ಪ್ರಮಾಣಪತ್ರ, ರಸೀದಿ, ಆ ಪುಟದ ಸ್ಕ್ರೀನ್‌ಶಾಟ್ ಹಾಕಿ. ಜಾಲತಾಣಗಳ ಷರತ್ತು ಬದಲಾಗುತ್ತದೆ, ಟ್ರ್ಯಾಕುಗಳು ಮಾಯವಾಗುತ್ತವೆ. "ನೋ ಕಾಪಿರೈಟ್ ಮ್ಯೂಸಿಕ್" ಎಂದು ಬೋರ್ಡ್ ಹಾಕಿಕೊಂಡ ಯಾರದ್ದೋ ಯೂಟ್ಯೂಬ್ ಚಾನೆಲಿನಿಂದ ಇಳಿಸಿಕೊಂಡಿದ್ದಕ್ಕೆ ಇಂಥ ಕಾಗದವೇ ಇರುವುದಿಲ್ಲ. ನಾನು ಅವುಗಳ ಹತ್ತಿರವೂ ಹೋಗುವುದಿಲ್ಲ. ಪುಕ್ಕಟೆಯೇ ಬೇಕೆಂದರೆ ಯೂಟ್ಯೂಬಿನದೇ Audio Library ಇದೆ. ಅದು ಸಾಲದು ಎನ್ನುವವರು ಇನ್ನೂ ಅದನ್ನು ಪೂರ್ತಿ ಕೇಳಿಲ್ಲ ಎಂದೇ ನನ್ನ ಗುಮಾನಿ.

ನಾಲ್ಕನೆಯ ಹೆಜ್ಜೆ: Private ಆಗಿ ಏರಿಸಿ

ಏರಿಸುವಾಗ Checks ಹಂತದಲ್ಲಿ ಹೊಂದಿಕೆಗಳು ಕಾಣಿಸುತ್ತವೆ. ಒಂದು ರಾತ್ರಿ Private ಇಟ್ಟು, ಬೆಳಿಗ್ಗೆ ನೋಡಿ ಪ್ರಕಟಿಸಿ.

ಐದನೆಯ ಹೆಜ್ಜೆ: ಕ್ಲೇಮ್ ಬಂದಾಗ

ಜನ ಕೆಡಿಸಿಕೊಳ್ಳುವುದು ಇಲ್ಲಿಯೇ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಹಕ್ಕುದಾರರು ತಮ್ಮ ಹಾಡಿನ ಮಾದರಿಯನ್ನು Content ID ಎಂಬ ವ್ಯವಸ್ಥೆಗೆ ಕೊಟ್ಟಿರುತ್ತಾರೆ. ನಿಮ್ಮ ವಿಡಿಯೊದಲ್ಲಿ ಅದಕ್ಕೆ ಹೊಂದುವ ಸದ್ದು ಸಿಕ್ಕರೆ ಯಂತ್ರವೇ ಕ್ಲೇಮ್ ಹಾಕುತ್ತದೆ. ಸಾಮಾನ್ಯವಾಗಿ ಇದರಿಂದ ಚಾನೆಲ್‌ಗೆ ಕುತ್ತಿಲ್ಲ. ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಅಥವಾ ವಿಡಿಯೊ ಕೆಲವು ದೇಶಗಳಲ್ಲಿ ಮುಚ್ಚಬಹುದು. ಸ್ಟ್ರೈಕ್ ಬರುವುದು ಹಕ್ಕುದಾರರು ಕಾನೂನಿನಂತೆ ತೆಗೆಸಲು ಕೇಳಿದಾಗ. 90 ದಿನಗಳಲ್ಲಿ ಅಂಥ ಮೂರಾದರೆ ಚಾನೆಲ್ ಹೋಗಬಹುದು.

ಹಾಗಾದರೆ ದುಡ್ಡು ಕೊಟ್ಟ ಕೊಳಲಿಗೆ ಯಾಕೆ ಕ್ಲೇಮ್? ಸಂಗೀತಗಾರ ತನ್ನ ಟ್ರ್ಯಾಕನ್ನು ವಿತರಕರ ಮೂಲಕ ತಾನೇ Content IDಗೆ ಸೇರಿಸಿರುತ್ತಾನೆ, ಕದಿಯುವವರನ್ನು ಹಿಡಿಯಲು. ಯಾರು ಕದ್ದವರು, ಯಾರು ಕೊಂಡವರು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ದಾರಿಯೂ ಇದೆ: ನಿಮ್ಮ ಟ್ರ್ಯಾಕಿನಲ್ಲಿರುವ, ಎಲ್ಲರಿಗೂ ಮಾರಾಟವಾಗುವ ತಬಲಾ ಲೂಪನ್ನು ಬೇರೆ ಯಾರೋ ತಮ್ಮ ಹಾಡಿಗೆ ಬಳಸಿ, ಇಡೀ ಹಾಡನ್ನು ತಮ್ಮದೆಂದು ನೋಂದಾಯಿಸಿರುತ್ತಾರೆ.

ಕ್ಲೇಮಿನ ವಿವರ ತೆರೆದರೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ, ಯಾವ ಹಾಡು, ಯಾರ ಹಕ್ಕು ಎಂದು ಇರುತ್ತದೆ. ಅದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ನಾವು ಕೇಳಿದೆವು. ಎರಡನೆಯ ಕ್ಲೇಮ್ ಇದ್ದದ್ದು 2:14ರಿಂದ 2:51ರವರೆಗೆ. ಹುಡುಗನ ಅಜ್ಜಿ ತೇರಿನ ಬಗ್ಗೆ ಮಾತಾಡುತ್ತಿದ್ದರು, ಹಿಂದೆ ಬಳೆ ಅಂಗಡಿಯ ಮೈಕಿನಲ್ಲಿ ಸಿನಿಮಾ ಹಾಡು. ಆ ಕ್ಲೇಮ್ ನ್ಯಾಯವಾದದ್ದು. "ನಾನು ಬೇಕೆಂದು ಹಾಕಿದ್ದಲ್ಲ", "ಹತ್ತು ಸೆಕೆಂಡಿನೊಳಗಿದ್ದರೆ ಪರವಾಗಿಲ್ಲ", "ಸ್ವಲ್ಪ ವೇಗ ಬದಲಿಸಿದರೆ ಸಿಗುವುದಿಲ್ಲ" ಎಂಬ ಯಾವ ಮಾತೂ ಇಲ್ಲಿ ನಡೆಯುವುದಿಲ್ಲ. ಇಂಥದ್ದಕ್ಕೆ ತಕರಾರು ಹಾಕಬೇಡಿ.

ಕೊಳಲಿನದಕ್ಕೆ ಹಾಕಬೇಕು. ಮೊದಲು ಟ್ರ್ಯಾಕ್ ಮಾರಿದ ತಾಣದಲ್ಲಿ ಕ್ಲೇಮ್ ಬಿಡಿಸುವ ಅರ್ಜಿ ಇದೆಯೇ ನೋಡಿ. ಇದ್ದರೆ ವಿಡಿಯೊದ ಕೊಂಡಿ, ಪರವಾನಗಿ ಸಂಖ್ಯೆ ಕೊಡಿ. ಜಗಳವಿಲ್ಲದೆ ಮುಗಿಯುವ ದಾರಿ ಅದು. ಇಲ್ಲದಿದ್ದರೆ Dispute ಒತ್ತಿ, ಕಾರಣವಾಗಿ License ಆಯ್ದುಕೊಳ್ಳಿ. ಅನುಮತಿಯಿಲ್ಲದೆಯೂ ಬಳಸಬಹುದು ಎಂದು ವಾದಿಸುವ Fair use ಆಯ್ದುಕೊಂಡು ಪ್ರಬಂಧ ಬರೆಯುವವರನ್ನು ಕಂಡಿದ್ದೇನೆ. ಕೊಂಡವರಿಗೆ ಅದು ಬೇಕಿಲ್ಲ. ಟ್ರ್ಯಾಕಿನ ಹೆಸರು, ಮಾಡಿದವರ ಹೆಸರು, ಕೊಂಡ ತಾಣ, ದಿನಾಂಕ, ಪರವಾನಗಿ ಸಂಖ್ಯೆ, ಅದು ಯೂಟ್ಯೂಬ್ ಬಳಕೆಗೆ ಅನುಮತಿ ಕೊಡುತ್ತದೆ ಎಂಬ ಒಂದು ಸಾಲು, ಇಷ್ಟೇ ಬರೆಯಿರಿ. ಬೈಗುಳ ಬೇಡ, ಓದುವವರು ಎದುರು ಪಕ್ಷದವರೇ.

ಅವರಿಗೆ ಉತ್ತರಿಸಲು 30 ದಿನ ಇರುತ್ತದೆ. ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು, ಅದಕ್ಕೆ ಅವರಿಗೆ 7 ದಿನ. ಆ ಹಂತದಲ್ಲಿ ಅವರು ವಿಡಿಯೊ ತೆಗೆಸಲು ಕೇಳಿ ನಿಮಗೆ ಸ್ಟ್ರೈಕ್ ಬರಿಸಬಹುದು. ಕೈಯಲ್ಲಿ ಕಾಗದ ಇಲ್ಲದೆ ಅಲ್ಲಿಯವರೆಗೆ ಹೋಗಬಾರದೆಂದು ಹೇಳುವುದು ಅದಕ್ಕೇ. ಗಳಿಕೆಯ ಚಾನೆಲ್ ಆದರೆ ಕ್ಲೇಮ್ ಬಂದ 5 ದಿನದೊಳಗೆ ತಕರಾರು ಹಾಕಿ, ಆಗ ಮೊದಲ ದಿನದಿಂದಲೇ ಹಣವನ್ನು ಯಾರಿಗೂ ಕೊಡದೆ ತೆಗೆದಿಡುತ್ತಾರೆ. ತಡಮಾಡಿದರೆ ತಕರಾರು ಹಾಕಿದ ದಿನದಿಂದ ಮಾತ್ರ.

ಹುಡುಗನ ಕೊಳಲಿನ ಕ್ಲೇಮನ್ನು ಎರಡು ದಿನದಲ್ಲಿ ತಾಣದವರೇ ಬಿಡಿಸಿದರು. ಮೈಕಿನ ಹಾಡಿಗೆ ಮೂರು ದಾರಿ ಇದ್ದವು: ಆ 37 ಸೆಕೆಂಡನ್ನು ಕತ್ತರಿಸುವುದು, ಅಲ್ಲಿ ಸದ್ದನ್ನೆಲ್ಲ ನಿಲ್ಲಿಸುವುದು, ಹಾಡನ್ನು ಮಾತ್ರ ಅಳಿಸುವುದು. ಕೊನೆಯದನ್ನು ಪ್ರಯತ್ನಿಸಿದ. ಹಾಡಿನ ಜೊತೆಗೆ ಅಜ್ಜಿಯ ಮಾತಿನ ಕೊನೆಗಳೂ ನುಂಗಿಹೋಗಿದ್ದವು. ವಿವರ ಮತ್ತೆ ತೆರೆದು ನೋಡಿದರೆ, ವಿಡಿಯೊ ಎಲ್ಲಿಯೂ ಮುಚ್ಚಿರಲಿಲ್ಲ, ಜಾಹೀರಾತಿನ ಹಣವಷ್ಟೇ ಕಂಪನಿಗೆ. ಅವನ ಚಾನೆಲಿಗೆ ಇನ್ನೂ ಗಳಿಕೆಯೇ ಇಲ್ಲ. ಬದಲಾವಣೆ ಉಳಿಸದೆ ಹಾಗೆಯೇ ಬಿಟ್ಟ. ಅಜ್ಜಿಯ ಮಾತಿನ ಹಿಂದೆ ಬಳೆ ಅಂಗಡಿಯ ಹಾಡು ಈಗಲೂ ಕೇಳುತ್ತದೆ.