ರೆಪ್ಪೆಯ ಅಂಚು ನೋಡಿ ರಕ್ತ ಕಡಿಮೆ ಇರುವವರನ್ನು ಮೊದಲು ಹಿಡಿದದ್ದು: ನನ್ನ ಅನುಭವ

"ಕಣ್ಣು ನೋಡಿ ಎಚ್‌ಬಿ ಹೇಳೋದು ಅಂದಾಜು ಕೆಲಸ, ಸಿಸ್ಟರ್. ಮಿಷನ್ ಕೊಟ್ಟಿದ್ದೀವಲ್ಲ, ನಂಬರ್ ಕಳಿಸಿ" ಎಂದು ನಮ್ಮ ಡಾಕ್ಟರ್ ಸರ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿದ್ದರು. ಲ್ಯಾಬ್‌ನವರೂ ನಕ್ಕಿದ್ದರು. ಈಗ ಅದೇ ಸರ್ ಹೊಸದಾಗಿ ಸೇರಿದ ಸಿಸ್ಟರ್‌ಗಳನ್ನು ನನ್ನ ಸಬ್‌ಸೆಂಟರ್‌ಗೆ ಕಳಿಸಿ, ರೆಪ್ಪೆ ನೋಡುವುದನ್ನು ಕಲಿತು ಬನ್ನಿ ಅನ್ನುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ನಾನು ಇದನ್ನು ಸುಮ್ನೆ ಹೇಳುತ್ತಿಲ್ಲ. ನೋಟ್‌ಬುಕ್ ಇಟ್ಟು ತೋರಿಸಿದ್ದೇನೆ.

ಬೆರಳು ಚುಚ್ಚಿ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ಅಳೆಯುವ ಮಿಷನ್ ಇದೆ, ನಿಜ. ಸ್ಟ್ರಿಪ್ ಇರಬೇಕಲ್ಲ? ತಿಂಗಳ ಕೊನೆಗೆ ಡಬ್ಬಿ ಖಾಲಿ. ಇಂಡೆಂಟ್ ಹಾಕಿದರೆ ಬರಲು ಎಷ್ಟು ದಿನವಾಗುತ್ತದೆ ಎಂದು ನಿಮಗೂ ಗೊತ್ತು. ಕೆಲವು ಸಲ ನನ್ನ ಕೈಯಿಂದಲೇ ಕೊಂಡಿದ್ದೇನೆ. ಒಂದು ಸ್ಟ್ರಿಪ್‌ಗೆ ಮೂವತ್ತು ರೂಪಾಯಿ ಆಸುಪಾಸು ಬಿದ್ದಿತ್ತು. ಹಾಗಂತ ಅನುಮಾನ ಬಂದವರನ್ನೆಲ್ಲ ತಾಲ್ಲೂಕು ಆಸ್ಪತ್ರೆಗೆ ಕಳಿಸೋಣ ಅಂದರೆ, ಹೋಗಿ ಬರಲು ಆಟೋಗೆ ನಾನೂರು, ಜೊತೆಗೆ ಇಬ್ಬರ ಒಂದು ದಿನದ ಕೂಲಿ. ಅಲ್ಲಿ ಎಚ್‌ಬಿ 11 ಬಂತು, ಏನೂ ತೊಂದರೆ ಇಲ್ಲ ಅಂದರೆ ಆ ಮನೆಯವರು ಮುಂದಿನ ಸಲ ನನ್ನ ಮಾತು ಕೇಳುವುದಿಲ್ಲ. ಅದಕ್ಕೇ ಇರುವ ಹತ್ತು ಸ್ಟ್ರಿಪ್‌ನಲ್ಲಿ ಮೊದಲು ಯಾರ ಬೆರಳು ಚುಚ್ಚಬೇಕು ಎನ್ನುವುದು ನನಗೆ ದೊಡ್ಡ ಪ್ರಶ್ನೆ.

ಟ್ರೈನಿಂಗ್‌ನಲ್ಲಿ ಉಗುರು, ತುಟಿ, ನಾಲಿಗೆ, ಅಂಗೈ, ರೆಪ್ಪೆ ಎಲ್ಲ ನೋಡಿ ಅಂತ ಕಲಿಸುತ್ತಾರೆ. ನಾನೂ ಮೊದಲು ಉಗುರಿನಿಂದಲೇ ಶುರು ಮಾಡಿದೆ, ನಾಚಿಕೆಯಿಲ್ಲದೆ ಎಲ್ಲರೂ ತೋರಿಸುವುದು ಅದನ್ನೇ. ಆದರೆ ನಮ್ಮ ಕಡೆ ಉಗುರು ನಂಬುವ ಹಾಗಿಲ್ಲ. ಏಳು ತಿಂಗಳಿಗೆ ಕುಬುಸ ಮಾಡುತ್ತಾರೆ, ಕೈತುಂಬ ಮದರಂಗಿ. ಆ ಬಣ್ಣ ಉಗುರಿನಲ್ಲಿ ಕೂತರೆ ಉಗುರು ಬೆಳೆದು ಹೋಗುವವರೆಗೂ ಬಿಡುವುದಿಲ್ಲ, ಅಂದರೆ ಹೆರಿಗೆಯವರೆಗೂ. ಎಚ್‌ಬಿ ತುಂಬಾ ಮುಖ್ಯವಾಗುವ ಸಮಯಕ್ಕೇ ಉಗುರು ಮುಚ್ಚಿಹೋಯಿತು. ಮದರಂಗಿ ಇಲ್ಲದವರು ಈಗಷ್ಟೇ ಬಟ್ಟೆ ಒಗೆದು ಬಂದಿರುತ್ತಾರೆ. ತಣ್ಣೀರಲ್ಲಿದ್ದ ಕೈ ಯಾರದ್ದಾದರೂ ಬಿಳಿಚಿಕೊಂಡಿರುತ್ತದೆ. ಉಗುರು ಒತ್ತಿ ಬಿಟ್ಟು ಕೆಂಪು ಎಷ್ಟು ಬೇಗ ವಾಪಸ್ ಬರುತ್ತದೆ ಎಂದು ನೋಡುವವರಿದ್ದಾರೆ. ಅದರಿಂದ ರಕ್ತದ ಓಡಾಟ ತಿಳಿಯುತ್ತದೆ, ಎಚ್‌ಬಿ ತಿಳಿಯುವುದಿಲ್ಲ. ಉಗುರಿನಲ್ಲಿ ನಾನು ಈಗಲೂ ಬಿಡದೆ ನೋಡುವುದು ಆಕಾರ. ಉಗುರು ಮಧ್ಯದಲ್ಲಿ ತಗ್ಗಾಗಿ ಚಮಚದ ಹಾಗೆ ಆಗಿದ್ದರೆ ಕಬ್ಬಿಣದ ಕೊರತೆ ಬಹಳ ದಿನದ್ದು ಎಂದುಕೊಳ್ಳುತ್ತೇನೆ. ಆದರೆ ಅಂಥ ಉಗುರು ಸಿಗುವುದು ಅಪರೂಪ.

ತುಟಿ ಇನ್ನೂ ಕಷ್ಟ. ಎಲೆ ಅಡಿಕೆ ಹಾಕುವವರ ತುಟಿ ಯಾವಾಗಲೂ ಕೆಂಪು. ಹೊಗೆಸೊಪ್ಪು ಹಾಕುವವರದ್ದು ಕಪ್ಪು. ಹುಟ್ಟಿನಿಂದಲೇ ಕಪ್ಪು ತುಟಿ ಇರುವವರಲ್ಲಿ ಬಿಳಿಚಿದ್ದು ಹೇಗೆ ಕಾಣಬೇಕು? ಅಂಗೈ ನೋಡುವವರಿಗೆ ಒಂದು ಮಾತು. ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ಎಳೆದು ಹಿಡಿಯಬೇಡಿ. ನಿಮ್ಮ ಕೈಯನ್ನೇ ಹಾಗೆ ಹಿಡಿದು ನೋಡಿ, ತಕ್ಷಣ ಬೆಳ್ಳಗಾಗುತ್ತದೆ.

ಇದೆಲ್ಲ ಯಾಕೆ ಕೈಕೊಡುತ್ತದೆ ಎಂದು ನನಗೆ ಹೊಳೆದದ್ದು ಹಿಂದೆ ಎಚ್‌ಬಿ ನೋಡಲು ಬಳಸುತ್ತಿದ್ದ ಸಾಹ್ಲಿ ಟ್ಯೂಬಿನಿಂದ. ಹಳಬರಿಗೆ ನೆನಪಿರುತ್ತದೆ. ಟ್ಯೂಬಿನ ಆಸಿಡ್‌ಗೆ ಪಿಪೆಟ್‌ನ 20 ಗುರುತಿನವರೆಗೆ ಎಳೆದ ರಕ್ತ ಹಾಕಿ, ಹತ್ತು ನಿಮಿಷ ಬಿಟ್ಟು, ಹನಿ ಹನಿ ನೀರು ಸೇರಿಸುತ್ತಾ ಕಂದು ಬಣ್ಣ ಸರಿಹೊಂದುವವರೆಗೆ ನೋಡುತ್ತಿದ್ದೆವು. ಅದೂ ಕಣ್ಣಿನ ಕೆಲಸವೇ ಅಲ್ವಾ? ಆದರೆ ಅಲ್ಲಿ ಪಕ್ಕದಲ್ಲೇ ಹೋಲಿಸಲು ಬಣ್ಣದ ಗಾಜು ಇರುತ್ತಿತ್ತು. ಉಗುರಿಗೆ, ತುಟಿಗೆ ಹಾಗೆ ಹೋಲಿಸಲು ಏನೂ ಇಲ್ಲ. ಹಿಂದಿನ ಹೆಂಗಸಿನ ಬಣ್ಣವನ್ನು ನೆನಪಿನಲ್ಲಿಟ್ಟು ಹೇಳಬೇಕು.

ಕೆಳರೆಪ್ಪೆಯಲ್ಲಿ ಆ ಗಾಜು ಒಳಗೇ ಇದೆ. ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದು, ಮೇಲೆ ನೋಡು ಅನ್ನಿ. ಕೂದಲಿನ ಹಿಂದೆಯೇ ಒಂದು ಸಣ್ಣ ಪಟ್ಟಿ ಕಾಣುತ್ತದೆ, ಅದು ಮುಂದಿನ ಅಂಚು. ಅದಕ್ಕೂ ಒಳಗೆ, ಕಣ್ಣುಗುಡ್ಡೆಯ ಕಡೆ ಮಡಿಕೆಯಾಗುವ ಜಾಗ ಸ್ವಲ್ಪ ಮಾಂಸದ ಹಾಗೆ, ತಿಳಿ ಬಣ್ಣದ್ದು. ರಕ್ತ ಚೆನ್ನಾಗಿದ್ದವರಲ್ಲಿ ಮುಂದಿನ ಅಂಚು ಹಿಂದಿನ ಜಾಗಕ್ಕಿಂತ ಎದ್ದು ಕಾಣುವಷ್ಟು ಕೆಂಪಗಿರುತ್ತದೆ. ರಕ್ತ ತುಂಬಾ ಕಡಿಮೆ ಇದ್ದರೆ ಎರಡೂ ಒಂದೇ ಬಣ್ಣ. ನಾನು ನೋಡುವುದು ಇಷ್ಟೇ: ಎರಡರ ನಡುವೆ ಗೆರೆ ಎಳೆದ ಹಾಗೆ ವ್ಯತ್ಯಾಸ ಇದೆಯೋ, ಇಲ್ಲವೋ? ಬಿಳಿ, ಸ್ವಲ್ಪ ಬಿಳಿ, ತುಂಬಾ ಬಿಳಿ ಎಂಬ ಲೆಕ್ಕ ಬಿಟ್ಟುಬಿಟ್ಟೆ. ಚರ್ಮ ಬೆಳ್ಳಗಿರಲಿ ಕಪ್ಪಗಿರಲಿ, ಹೋಲಿಕೆ ಅದೇ ಕಣ್ಣಿನೊಳಗೆ.

ಬೆಳಕು ಮಾತ್ರ ಸರಿಯಾಗಿರಬೇಕು. ಟ್ಯೂಬ್‌ಲೈಟ್ ಕೆಳಗೆ, ಹಸಿರು ಬಣ್ಣ ಬಳಿದ ಗೋಡೆ ಪಕ್ಕ ನೋಡಿದರೆ ಎಲ್ಲರೂ ರೋಗಿಗಳ ಹಾಗೆಯೇ ಕಾಣುತ್ತಾರೆ. ನಾನು ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಕೂರಿಸುತ್ತೇನೆ. ರೆಪ್ಪೆ ಜೋರಾಗಿ ಎಳೆಯಬಾರದು, ಒತ್ತಿದರೆ ಬಿಳಿಯಾಗುತ್ತದೆ. ಎರಡೂ ಕಣ್ಣು ನೋಡಬೇಕು. ಸಣ್ಣ ಮಕ್ಕಳನ್ನು ಅಳಿಸದೆ ರೆಪ್ಪೆ ನೋಡಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹತ್ತಿರ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮೊಬೈಲಿನಲ್ಲಿ ರೆಪ್ಪೆಯ ಫೋಟೋ ತೆಗೆದು ಸರ್‌ಗೆ ಕಳಿಸೋಣ ಅಂದುಕೊಂಡೆ. ಕ್ಯಾಮೆರಾ ತಾನೇ ಬಣ್ಣ ಸರಿಮಾಡಿಕೊಳ್ಳುತ್ತದೆ. ಕೆಂಪು ಸೀರೆ ಉಟ್ಟವಳ ಕಣ್ಣು ಒಂದು ಬಣ್ಣ, ಅವಳೇ ಬಿಳಿ ಟವೆಲ್ ಹೊದ್ದರೆ ಇನ್ನೊಂದು. ಬಿಟ್ಟೆ. ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್ ತಂದು ಮೂರು ಗುಲಾಬಿ ಬಣ್ಣ ಕತ್ತರಿಸಿ ಅಂಟಿಸಿದೆ. ಲ್ಯಾಮಿನೇಷನ್ ಮಾಡಿಸಿದರೆ ಹೊಳೆಯುತ್ತದೆ, ಮಾಡಿಸದಿದ್ದರೆ ಬೇಸಿಗೆ ಮುಗಿಯುವಷ್ಟರಲ್ಲಿ ಮಾಸಿತು. ಅದಕ್ಕೆ ಹೋದ ದುಡ್ಡು ಇನ್ನೂರರೊಳಗೆ, ಆದರೆ ಪ್ರಯೋಜನ ಕಡಿಮೆ.

ಸರ್ ಒಪ್ಪಿದ್ದು ನೋಟ್‌ಬುಕ್ ನೋಡಿ. ಬೆರಳು ಚುಚ್ಚುವ ಮೊದಲೇ ನಾನು "ವ್ಯತ್ಯಾಸ ಇದೆ" ಅಥವಾ "ಇಲ್ಲ" ಎಂದು ಬರೆಯುತ್ತಿದ್ದೆ. ಆಶಾ ಕಾರ್ಯಕರ್ತೆ ತನ್ನ ಪುಸ್ತಕದಲ್ಲಿ ಬೇರೆಯಾಗಿ ಬರೆಯುತ್ತಿದ್ದಳು, ಒಬ್ಬರದ್ದು ಒಬ್ಬರು ನೋಡುವ ಹಾಗಿಲ್ಲ. ಆಮೇಲೆ ಮಿಷನ್ ನಂಬರ್. ಒಂದು ವರ್ಷದಲ್ಲಿ ನೂರಕ್ಕಿಂತ ಸ್ವಲ್ಪ ಜಾಸ್ತಿ ಗರ್ಭಿಣಿಯರು. ನೆನಪಿನಿಂದ ಹೇಳುತ್ತಿದ್ದೇನೆ: 7ಕ್ಕಿಂತ ಕೆಳಗೆ ಬಂದವರು ಆರೇಳು ಜನ, ಒಬ್ಬಳನ್ನು ಬಿಟ್ಟು ಎಲ್ಲರಿಗೂ ನಾನು "ಇಲ್ಲ" ಎಂದೇ ಬರೆದಿದ್ದೆ. 7ರಿಂದ 10ರೊಳಗಿನವರಲ್ಲಿ ಅರ್ಧದಷ್ಟು ಸಿಕ್ಕರು. 10ರಿಂದ 11ರ ನಡುವಿನವರಲ್ಲಿ ಹತ್ತಕ್ಕೆ ಇಬ್ಬರೋ ಏನೋ. ಗರ್ಭಿಣಿಗೆ 11ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆಯೇ. ಅಂದರೆ ಕಣ್ಣು ನೋಡಿ "ನಿನಗೇನೂ ಇಲ್ಲ, ಹೋಗು" ಎಂದು ಕಳಿಸಿದ್ದರೆ ಎಷ್ಟೊಂದು ಜನ ತಪ್ಪಿಹೋಗುತ್ತಿದ್ದರು! ಆದರೆ ನಾನು "ವ್ಯತ್ಯಾಸ ಇಲ್ಲ" ಎಂದವರಲ್ಲಿ ಎಚ್‌ಬಿ ಚೆನ್ನಾಗಿದ್ದವರು ಒಬ್ಬರೋ ಇಬ್ಬರೋ ಅಷ್ಟೇ. ಸರ್ ಆ ಪುಟಗಳನ್ನು ಎರಡು ಸಲ ತಿರುವಿ ನೋಡಿದರು.

ತಪ್ಪಿದ ಆ ಒಬ್ಬಳ ಕಣ್ಣು ಒಲೆಯ ಹೊಗೆಯಿಂದ ಸದಾ ಕೆಂಪು. ಅಂಚೂ ಕೆಂಪಾಗಿಯೇ ಇತ್ತು. ಕಣ್ಣು ಬಂದವರಲ್ಲಿ, ಅತ್ತವರಲ್ಲಿ, ಕಣ್ಣು ಉಜ್ಜಿಕೊಂಡವರಲ್ಲಿ ಇದೇ ತೊಂದರೆ. ಕಣ್ಣು ಕೆಂಪಿದ್ದರೆ ಈಗ ನಾನು ರೆಪ್ಪೆ ನೋಡಿ ಏನೂ ಬರೆಯುವುದಿಲ್ಲ, ನೇರವಾಗಿ ಸ್ಟ್ರಿಪ್.

ಪದ್ಧತಿ ಚೆನ್ನಾಗಿ ಕೆಲಸ ಮಾಡಿದ ಒಂದು ಕೇಸ್ ಹೇಳುತ್ತೇನೆ. ಏಳು ತಿಂಗಳು ತುಂಬಿದ ಹುಡುಗಿ, ಕುಬುಸ ಮುಗಿಸಿ ಬಂದಿದ್ದಳು. ಉಗುರು ಪೂರ್ತಿ ಮದರಂಗಿ, ತುಟಿ ಎಲೆ ಅಡಿಕೆಯಿಂದ ಕೆಂಪು, ಮುಖದಲ್ಲಿ ಕಳೆ. ಸಾಲಿನಲ್ಲಿ ಕೊನೆಗೆ ಕೂತಿದ್ದಳು. ರೆಪ್ಪೆ ಎಳೆದರೆ ಮುಂದೂ ಹಿಂದೂ ಒಂದೇ ಬಣ್ಣ, ಹಳೇ ಕಾಗದದ ಹಾಗೆ. ಅವತ್ತು ಸ್ಟ್ರಿಪ್ ಒಂದೂ ಇರಲಿಲ್ಲ. ಸ್ವಲ್ಪ ಹೊತ್ತು ಕೂರಿಸಿ ನಾಡಿ ನೋಡಿದೆ, ನಿಮಿಷಕ್ಕೆ 110ರ ಹತ್ತಿರ. ನೀರಿನ ಕೊಡ ತರುವಾಗ ನಡುವೆ ಎಷ್ಟು ಸಲ ನಿಲ್ಲುತ್ತೀ ಅಂತ ಕೇಳಿದೆ. "ಮೂರ್ನಾಕು ಸಲ ನಿಂದ್ರತೀನ್ರೀ" ಅಂದಳು. ಕದ್ದು ಬಳಪ ತಿನ್ನುತ್ತೀಯಾ ಅಂದರೆ ತಲೆ ತಗ್ಗಿಸಿದಳು. ಅತ್ತೆ ಬಿಡಲೊಲ್ಲಳು: "ನಮ್ಮ ಸೊಸಿ ಮೊದಲಿಂದ್ಲೂ ಬೆಳ್ಳಗ ಅದಾಳ್ರೀ ಸಿಸ್ಟರ್, ಏನೂ ಆಗಿಲ್ಲ." ನಾನು ಅತ್ತೆಯ ರೆಪ್ಪೆಯನ್ನೂ ಎಳೆದು, ಕನ್ನಡಿ ಕೊಟ್ಟು, ಇಬ್ಬರದ್ದೂ ಪಕ್ಕಪಕ್ಕ ತೋರಿಸಿದೆ. ಅತ್ತೆಯೇ ಆಟೋ ಕರೆಸಿದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಎಚ್‌ಬಿ 6ಕ್ಕಿಂತ ಸ್ವಲ್ಪವೇ ಮೇಲೆ. ಅಡ್ಮಿಟ್ ಮಾಡಿಕೊಂಡು, ರಕ್ತವನ್ನೂ ಆಮೇಲೆ ಐರನ್ ಸುಕ್ರೋಸ್ ಡ್ರಿಪ್ಪನ್ನೂ ಕೊಟ್ಟರು. ಹೆರಿಗೆ ಹೊತ್ತಿಗೆ 10ರ ಹತ್ತಿರ ಬಂದಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಮಿಷನ್ ನಂಬರ್ ಬಗ್ಗೆಯೂ ಒಂದು ಮಾತು. ರಕ್ತ ಬರದಿದ್ದಾಗ ಬೆರಳು ಹಿಂಡುತ್ತೇವಲ್ಲ, ಆಗ ಒಳಗಿನ ನೀರೂ ಸೇರಿ ಎಚ್‌ಬಿ ಕಡಿಮೆ ತೋರಿಸುತ್ತದೆ. ರೆಪ್ಪೆಯಲ್ಲಿ ಗೆರೆ ಸ್ಪಷ್ಟವಾಗಿದ್ದು ಮಿಷನ್ 8 ಅಂದರೆ ನಾನು ಕೈ ಬೆಚ್ಚಗೆ ಮಾಡಿಸಿ, ಇನ್ನೊಂದು ಬೆರಳಿಗೆ ಸರಿಯಾಗಿ ಚುಚ್ಚಿ, ಮೊದಲ ಹನಿ ಒರೆಸಿ ಮತ್ತೆ ನೋಡುತ್ತೇನೆ. ಎರಡನೇ ಸಲವೂ 8 ಬಂದರೆ ಅದು 8ಏ. ಅಲ್ಲಿ ಕಣ್ಣಿನ ಮಾತು ನಡೆಯುವುದಿಲ್ಲ.

ಈಗ ನಮ್ಮಲ್ಲಿ ನಡೆಯುವ ಕ್ರಮ ಹೀಗಿದೆ. ಎಲ್ಲ ಗರ್ಭಿಣಿಯರ ರೆಪ್ಪೆ ಮೊದಲು ನೋಡುತ್ತೇವೆ. ಗೆರೆ ಇಲ್ಲದವರಿಗೆ ಸ್ಟ್ರಿಪ್ ಮೊದಲು, ಸ್ಟ್ರಿಪ್ ಇಲ್ಲದಿದ್ದರೆ ಅದೇ ದಿನ ರೆಫರ್. ಕೂತಲ್ಲೇ ಏದುಸಿರು ಇದ್ದವರನ್ನು ಬಣ್ಣ ಹೇಗೇ ಇರಲಿ ಕಾಯಿಸುವುದಿಲ್ಲ. ಉಳಿದವರ ಹೆಸರು ಬಾಕಿ ಪಟ್ಟಿಗೆ ಹೋಗುತ್ತದೆ, ಸ್ಟ್ರಿಪ್ ಬಂದ ತಕ್ಷಣ ಅವರದ್ದೂ ಆಗಲೇಬೇಕು. ಯಾರ ಹೆಸರನ್ನೂ ರೆಪ್ಪೆ ನೋಡಿ ಹೊಡೆದುಹಾಕುವುದಿಲ್ಲ. ಕಬ್ಬಿಣದ ಮಾತ್ರೆ ದಿನಕ್ಕೆ ಎರಡರಂತೆ ಶುರು ಮಾಡಿದವರಿಗೆ ತಿಂಗಳ ನಂತರ ಎರಡನೇ ಸ್ಟ್ರಿಪ್ ತೆಗೆದಿಟ್ಟಿರುತ್ತೇನೆ. ಎಚ್‌ಬಿ ಕನಿಷ್ಠ 1 ಏರಿರಬೇಕು, ಏರದಿದ್ದರೆ ಮಾತ್ರೆ ನುಂಗುತ್ತಿಲ್ಲ ಅಥವಾ ಬೇರೆ ಕಾರಣ ಇದೆ ಎಂದು ಸರ್ ಹತ್ತಿರ ಕಳಿಸಬೇಕು. 8ರಿಂದ 9ಕ್ಕೆ ಬಂದದ್ದು ರೆಪ್ಪೆಯಲ್ಲಿ ನನಗೆ ಇವತ್ತಿಗೂ ಕಾಣುವುದಿಲ್ಲ. ಹಾಗಾಗಿ ಆ ಸ್ಟ್ರಿಪ್‌ಗಳನ್ನು ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿದ್ದೇನೆ, ಅದಕ್ಕೆ ಯಾರೂ ಕೈ ಹಾಕುವ ಹಾಗಿಲ್ಲ.